30 ಅಂತ ಬರೆದ ಹುಡುಗಿಗೆ ಸೊನ್ನೆ ಕೊಟ್ಟವರಿಗೆ ಒಂದು ಬಹಿರಂಗ ಪತ್ರ

ಆನ್‌ಲೈನ್ ಟೆಸ್ಟ್‌ಗಳಿಗೆ ಕೀ ಉತ್ತರ ತಯಾರಿಸುವವರಿಗೆ, ಆ ಟೆಸ್ಟ್ ನಡೆಸುವ ಸಾಫ್ಟ್‌ವೇರ್ ಬರೆಯುವವರಿಗೆ,

ನಮಸ್ಕಾರ. ನಾನು ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಹೋದ ತಿಂಗಳು ನಮ್ಮ ಮಕ್ಕಳು ನಿಮ್ಮ ಟೆಸ್ಟ್ ಬರೆದರು. ಪ್ರಶ್ನೆಗೆ ಉತ್ತರವನ್ನು ಸಂಖ್ಯೆಯಲ್ಲಿ ಟೈಪ್ ಮಾಡಬೇಕು, ಕಂಪ್ಯೂಟರ್ರೇ ಮಾರ್ಕ್ಸ್ ಕೊಡುತ್ತದೆ. ರಿಸಲ್ಟ್ ಬಂದ ದಿನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ರಫ್ ಶೀಟ್ ಇತ್ತು. "ಸರ್, ಇದು ಹೇಗೆ ತಪ್ಪು ಅಂತ ನೀವೇ ಹೇಳಿ" ಅಂದಳು. ನನಗೂ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಪ್ರಶ್ನೆ ತೀರಾ ಸರಳ. 45 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಒಂದು ಕಲ್ಲನ್ನು ಕೈಬಿಟ್ಟರೆ, ನೆಲ ಮುಟ್ಟುವಾಗ ಅದರ ವೇಗ ಎಷ್ಟು? ಗಾಳಿಯ ತಡೆ ಲೆಕ್ಕಕ್ಕಿಲ್ಲ. g ಬೆಲೆ ಎಷ್ಟು ತೆಗೆದುಕೊಳ್ಳಬೇಕು ಅಂತ ಪ್ರಶ್ನೆಯಲ್ಲಿ ಹೇಳಿರಲಿಲ್ಲ. ಎಷ್ಟು ದಶಾಂಶಕ್ಕೆ ಉತ್ತರ ಬೇಕು ಅಂತಲೂ ಇರಲಿಲ್ಲ. ಒಂದು ಖಾಲಿ ಬಾಕ್ಸ್ ಇತ್ತು, ಅಷ್ಟೇ. ನಿಮ್ಮ ಕೀ ಉತ್ತರ 29.7.

ಅವಳ ರಫ್ ಶೀಟಿನಲ್ಲಿ v = √(2gh) ಇತ್ತು. g ಜಾಗದಲ್ಲಿ 9.8, h ಜಾಗದಲ್ಲಿ 45. ವರ್ಗಮೂಲದ ಒಳಗೆ 882. ಮುಂದಿನ ಸಾಲಿನಲ್ಲಿ 29.698. ಅದರ ಕೆಳಗೆ ಗೆರೆ ಎಳೆದು, 30 ಅಂತ ಬರೆದು ಸುತ್ತು ಹಾಕಿದ್ದಳು. ಯಾಕೆ ಅಂತ ಕೇಳಿದೆ. "ಸರ್, 45 ರಲ್ಲಿ ಎರಡೇ ಸಾರ್ಥಕ ಅಂಕಿ. 9.8 ರಲ್ಲೂ ಎರಡೇ. ಹಾಗಾದರೆ ಉತ್ತರದಲ್ಲೂ ಎರಡೇ ಇರಬೇಕಲ್ವಾ?"

ಇರಬೇಕು. ನಾನೇ ಹಾಗೆ ಪಾಠ ಮಾಡಿದ್ದು. ಪಿಯುಗೆ ನಾವು ಓದಿಸುವ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಹಾಗೇ ಇದೆ. ಗುಣಾಕಾರ, ಭಾಗಾಕಾರ ಮಾಡಿದಾಗ, ಕೊಟ್ಟ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಎಷ್ಟು ಸಾರ್ಥಕ ಅಂಕಿಗಳಿವೆಯೋ ಉತ್ತರದಲ್ಲೂ ಅಷ್ಟೇ ಉಳಿಸಿಕೊಳ್ಳಬೇಕು. ಅಂದರೆ ಪುಸ್ತಕದ ನಿಯಮ ಪಾಲಿಸಿದವಳಿಗೆ ಸೊನ್ನೆ. ಪಾಲಿಸದೆ ಕ್ಯಾಲ್ಕುಲೇಟರ್ ತೋರಿಸಿದ 29.698 ನ್ನು ಹಾಗೇ ಟೈಪ್ ಮಾಡಿದವನಿಗೆ ಪೂರ್ತಿ ಮಾರ್ಕ್ಸ್.

ಆಮೇಲೆ ಕುತೂಹಲಕ್ಕೆ ಕ್ಲಾಸಿನ ಎಲ್ಲರ ಉತ್ತರಗಳನ್ನೂ ತೆಗೆದು ನೋಡಿದೆ. g ಗೆ 10 ಹಾಕಿದವರು ಹಲವರಿದ್ದರು. 2 × 10 × 45 ಅಂದರೆ 900, ವರ್ಗಮೂಲ ನೇರವಾಗಿ 30. 45 ಮೀಟರ್ ಅಂತ ಕೊಟ್ಟಾಗಲೇ ಅನುಭವ ಇದ್ದವರಿಗೆ ಗೊತ್ತಾಗುತ್ತದೆ, ಇದು g = 10 ಕ್ಕೆ ಅಂತಲೇ ಹೊಲಿದ ಲೆಕ್ಕ. ಅವರಿಗೂ ಸೊನ್ನೆ. ಇನ್ನೊಬ್ಬ ಮೊದಲು ಸಮಯ ಕಂಡುಹಿಡಿದಿದ್ದ. 3.03 ಸೆಕೆಂಡ್ ಬಂದಿದ್ದನ್ನು 3.0 ಅಂತ ಮಾಡಿಕೊಂಡು 9.8 ರಿಂದ ಗುಣಿಸಿ 29.4 ಬರೆದಿದ್ದ. ಮತ್ತೊಬ್ಬಳು ದಶಾಂಶದ ಒಂದು ಅಂಕಿ ಸಾಕು ಅಂತ ಉಳಿದದ್ದನ್ನು ಕತ್ತರಿಸಿ 29.6 ಹಾಕಿದ್ದಳು. ಎಲ್ಲರಿಗೂ ಸೊನ್ನೆ.

ನನ್ನ ಹೊಟ್ಟೆ ಉರಿಸಿದ್ದು ಕೊನೆಯ ಇಬ್ಬರ ಉತ್ತರ. ಒಬ್ಬ `106.9 km/h` ಅಂತ ಟೈಪ್ ಮಾಡಿದ್ದ. 3.6 ರಿಂದ ಭಾಗಿಸಿ ನೋಡಿ, 29.69 ಬರುತ್ತದೆ. ಉತ್ತರ ಸರಿ, ಏಕಮಾನವೂ ಸರಿ. ಸಿಕ್ಕಿದ್ದು ಸೊನ್ನೆ. ಅವನ ಪಕ್ಕದಲ್ಲಿ ಕೂತವನು `29.7 km/h` ಅಂತ ಹಾಕಿದ್ದ. ಅದು ಸೈಕಲ್ಲನ್ನು ಜೋರಾಗಿ ತುಳಿದರೆ ಬರುವ ವೇಗ, ಹದಿನೈದು ಮಹಡಿ ಎತ್ತರದಿಂದ ಬಿದ್ದ ಕಲ್ಲಿನದಲ್ಲ. ಅವನಿಗೆ ಪೂರ್ತಿ ಮಾರ್ಕ್ಸ್!

ಇದು ಹೇಗಾಯಿತು ಅಂತ ತಿಳಿಯಲು ಅಭ್ಯಾಸದ ಲಾಗಿನ್‌ನಲ್ಲಿ ಎರಡು ಸಂಜೆ ಕೂತು ಬೇರೆ ಬೇರೆ ಉತ್ತರ ಹಾಕಿ ನೋಡಿದೆ. ನಿಮ್ಮ ಕೋಡ್ ನಾನು ನೋಡಿಲ್ಲ. ಆದರೆ ಅದರ ನಡವಳಿಕೆ ನೋಡಿದರೆ ಒಳಗೆ ಆಗುತ್ತಿರುವುದು ಇದು: ಮಗು ಟೈಪ್ ಮಾಡಿದ್ದರಲ್ಲಿ ಮೊದಲು ಸಿಗುವ ಸಂಖ್ಯೆ ಎತ್ತಿಕೊಳ್ಳುತ್ತದೆ, ಉಳಿದ ಅಕ್ಷರಗಳನ್ನು ಬಿಸಾಕುತ್ತದೆ, ಸಂಖ್ಯೆಯನ್ನು ಒಂದು ದಶಾಂಶಕ್ಕೆ ರೌಂಡ್ ಆಫ್ ಮಾಡುತ್ತದೆ, ಅದು 29.7 ಕ್ಕೆ ಸಮವೇ ಅಂತ ಕೇಳುತ್ತದೆ. ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಈ ನಡವಳಿಕೆ ಪರಿಚಯ ಇರುತ್ತದೆ. ಅಲ್ಲಿ `parseFloat("29.7 km/h")` ಅಂದರೆ 29.7. `parseFloat("3x10^8")` ಅಂದರೆ ಬರೀ 3. `parseFloat("1,500")` ಅಂದರೆ 1. ಎಲ್ಲೂ ತಪ್ಪು ಅಂತ ಹೇಳುವುದಿಲ್ಲ, ಸುಮ್ನೆ ನುಂಗಿಬಿಡುತ್ತದೆ.

ಕೈಯಲ್ಲಿ ಪೇಪರ್ ತಿದ್ದುವಾಗ ನಾವು ಇದನ್ನು ಹೇಗೆ ಮಾಡುತ್ತೇವೆ ಅಂತ ನೆನಪು ಮಾಡಿಕೊಳ್ಳಿ. ಸೂತ್ರಕ್ಕೆ ಇಷ್ಟು, ಬೆಲೆ ಹಾಕಿದ್ದಕ್ಕೆ ಇಷ್ಟು, ಏಕಮಾನ ಸಮೇತ ಉತ್ತರಕ್ಕೆ ಇಷ್ಟು. ಸ್ಕೀಮ್‌ನಲ್ಲಿ 29.7 ಅಂತಿದ್ದು ಪೇಪರಲ್ಲಿ 29.4 ಕಂಡರೆ ಕಣ್ಣು ತಾನಾಗೇ ಮೇಲಿನ ಸಾಲಿಗೆ ಹೋಗುತ್ತದೆ. ಓ, ಇವನು ಮಧ್ಯದಲ್ಲೇ ರೌಂಡ್ ಆಫ್ ಮಾಡಿದ್ದಾನೆ ಅಂತ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಮೇಲಿನ ಸಾಲು ಕಾಣುವುದಿಲ್ಲ. ಅದಕ್ಕೆ ಸಿಗುವುದು ಕೊನೆಯ ಸಂಖ್ಯೆ ಮಾತ್ರ. ಹಾಗಾಗಿ ಆ ಕಣ್ಣಿನ ಕೆಲಸವನ್ನು ಕೀ ತಯಾರಿಸುವವರು ಮೊದಲೇ ಮಾಡಿಡಬೇಕು. ಕೀ ಅಂದರೆ ಬರೀ 29.7 ಅಲ್ಲ. ಎಲ್ಲಿಂದ ಎಲ್ಲಿಯವರೆಗೆ ಸರಿ, ಯಾವ ಏಕಮಾನದಲ್ಲಿ, ಯಾವ ರೌಂಡಿಂಗ್ ನಿಯಮಕ್ಕೆ ಅನ್ನುವುದೂ ಕೀಯ ಭಾಗ.

ಪೀಣ್ಯದಲ್ಲಿ ಲೇತ್ ಮುಂದೆ ನಿಂತ ಟರ್ನರ್ ಕೈಗೆ ಟಾಲರೆನ್ಸ್ ಇಲ್ಲದ ಡ್ರಾಯಿಂಗ್ ಕೊಟ್ಟು ನೋಡಿ. 25 ಮಿಲಿಮೀಟರ್ ಅಂದರೆ ಎಷ್ಟು ಹೆಚ್ಚು-ಕಡಿಮೆ ಆಗಬಹುದು ಅಂತ ಮೊದಲು ಕೇಳುತ್ತಾನೆ. ಮಕ್ಕಳಿಗೆ ಹಾಗೆ ಕೇಳುವ ಅವಕಾಶ ಇಲ್ಲ.

ಗೇಟ್ ಪರೀಕ್ಷೆಯ ಕೀಯಲ್ಲಿ ಸಂಖ್ಯೆಯ ಉತ್ತರಗಳಿಗೆ ಇಷ್ಟರಿಂದ ಇಷ್ಟರವರೆಗೆ ಅಂತ ವ್ಯಾಪ್ತಿಯನ್ನೇ ಕೊಡುತ್ತಾರೆ. ಜೆಇಇ ಅಡ್ವಾನ್ಸ್ಡ್‌ನಲ್ಲಿ ಇಂಥ ಪ್ರಶ್ನೆಗಳ ಭಾಗದ ಮೇಲೆ, ಜಾಸ್ತಿ ದಶಾಂಶ ಬಂದರೆ ಎರಡು ದಶಾಂಶಕ್ಕೆ ತನ್ನಿ ಅಂತ ಸೂಚನೆ ಇರುತ್ತದೆ. ಎಷ್ಟೋ ಪ್ರಶ್ನೆಗಳಲ್ಲಿ g = 10 ಅಂತ ಅಲ್ಲೇ ಬರೆದಿರುತ್ತಾರೆ. ಅಂದರೆ ಇದು ಯಾರೂ ಮಾಡದ ಕೆಲಸವೇನಲ್ಲ.

ಈಗ ಟಾಲರೆನ್ಸ್ ಎಷ್ಟಿಡಬೇಕು ಅನ್ನುವ ಮಾತು. ಇಲ್ಲೇ ಹೆಚ್ಚಿನವರು ಎಡವುವುದು. "ಎಲ್ಲ ಪ್ರಶ್ನೆಗೂ ಶೇಕಡಾ 1 ಇಟ್ಟುಬಿಡೋಣ" ಅನ್ನುತ್ತಾರೆ. ನಮ್ಮ ಕಲ್ಲಿನ ಲೆಕ್ಕಕ್ಕೆ ಶೇಕಡಾ 1 ಇಟ್ಟು ನೋಡಿ. 29.7 ರಲ್ಲಿ ಶೇಕಡಾ 1 ಅಂದರೆ 0.297. ಅಂದರೆ 29.403 ರಿಂದ 29.997 ರವರೆಗೆ ಸರಿ. 29.4 ಒಂದು ಕೂದಲೆಳೆಯಲ್ಲಿ ಹೊರಗೆ, 30 ಇನ್ನೊಂದು ಕೂದಲೆಳೆಯಲ್ಲಿ ಹೊರಗೆ! ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ಮಗುವಿನ ಮಾರ್ಕ್ಸ್ ಹೋಯಿತು.

ನಾನು ಮಾಡುವ ಕ್ರಮ ಬೇರೆ. ಮೊದಲು ಒಂದು ಹಾಳೆಯಲ್ಲಿ, ಒಪ್ಪಬಹುದಾದ ಎಲ್ಲ ದಾರಿಗಳಿಂದಲೂ ಉತ್ತರ ತೆಗೆಯುತ್ತೇನೆ. g = 9.8 ಕ್ಕೆ 29.698. g = 9.81 ಕ್ಕೆ 29.71. g = 10 ಕ್ಕೆ 30. ಎರಡು ಸಾರ್ಥಕ ಅಂಕಿಗೆ ತಂದರೂ 30. ಕತ್ತರಿಸಿದರೆ 29.6. ಸಮಯದ ದಾರಿಯಲ್ಲಿ ಹೋಗಿ ಮಧ್ಯೆ ರೌಂಡ್ ಆಫ್ ಮಾಡಿದರೆ 29.4. ಆಮೇಲೆ ಅದೇ ಹಾಳೆಯ ಇನ್ನೊಂದು ಪಕ್ಕ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳಿಂದ ಏನು ಬರುತ್ತದೆ ಅಂತ ಬರೆಯುತ್ತೇನೆ. 2 ಮರೆತರೆ 441 ರ ವರ್ಗಮೂಲ, ಅಂದರೆ 21. ವರ್ಗಮೂಲವನ್ನೇ ಮರೆತರೆ 882. ಸರಿ ಉತ್ತರಗಳೆಲ್ಲ 29.4 ರಿಂದ 30 ರ ಒಳಗೆ ಗುಂಪಾಗಿ ಕೂತಿವೆ. ಹತ್ತಿರದ ತಪ್ಪು 21 ರಲ್ಲಿದೆ. ನಡುವೆ ಇಷ್ಟು ಖಾಲಿ ಜಾಗ ಇರುವಾಗ ಶೇಕಡಾ 2 ಇಡಲು ಏನೂ ಹೆದರಬೇಕಿಲ್ಲ. 29.1 ರಿಂದ 30.3 ಆಗುತ್ತದೆ. ಎಲ್ಲ ಪ್ರಾಮಾಣಿಕ ಉತ್ತರಗಳೂ ಒಳಗೆ, ಎಲ್ಲ ನಿಜವಾದ ತಪ್ಪುಗಳೂ ಹೊರಗೆ.

29.4 ಬರೆದವನಿಗೆ ಕೊಡಬೇಕೋ ಬೇಡವೋ ಅನ್ನುವುದು ವಾದ ಮಾಡಬಹುದಾದ ವಿಷಯ, ಒಪ್ಪುತ್ತೇನೆ. ಮಧ್ಯದ ಹಂತಗಳಲ್ಲಿ ಒಂದು ಅಂಕಿ ಹೆಚ್ಚು ಇಟ್ಟುಕೊಳ್ಳಿ ಅಂತ ಪುಸ್ತಕವೇ ಹೇಳುತ್ತದೆ, ಅವನು ಅದನ್ನು ಮಾಡಲಿಲ್ಲ. ನೀವು ಅದನ್ನೇ ಪರೀಕ್ಷಿಸಬೇಕು ಅಂತಿದ್ದರೆ ಪ್ರಶ್ನೆ ಬದಲಾಯಿಸಿ: "g = 9.8 ತೆಗೆದುಕೊಳ್ಳಿ, ಉತ್ತರವನ್ನು ಒಂದು ದಶಾಂಶಕ್ಕೆ ಕೊಡಿ." ಆಗ ಟಾಲರೆನ್ಸ್ ಶೇಕಡಾ 0.5 ಕ್ಕೆ ಇಳಿಸಿ. 29.55 ರಿಂದ 29.85 ಆಗುತ್ತದೆ. 29.6 ಉಳಿಯುತ್ತದೆ, 29.4 ಮತ್ತು 30 ಹೋಗುತ್ತವೆ. ಆಗ 30 ಬರೆದ ನನ್ನ ಹುಡುಗಿಯ ಪರವಾಗಿ ನಾನು ನಿಮಗೆ ಪತ್ರ ಬರೆಯುವುದಿಲ್ಲ. ಪ್ರಶ್ನೆಯಲ್ಲಿ ಹೇಳಿಯೇ ಇಲ್ಲದ ನಿಯಮವನ್ನು ಕೀಯಲ್ಲಿ ಬಚ್ಚಿಟ್ಟಿದ್ದಕ್ಕೆ ಮಾತ್ರ ನನ್ನ ತಕರಾರು.

ಧಾರಾಳವಾಗಿ ಬಿಟ್ಟರೂ ಕಷ್ಟ ಇದೆ. ನಿಮ್ಮ ಅದೇ ಟೆಸ್ಟಿನಲ್ಲಿ ಉಕ್ಕಿನ ಸರಳಿನ ಪ್ರಶ್ನೆ ಇತ್ತು. 100 ಸೆಂಟಿಮೀಟರ್ ಸರಳನ್ನು 100 ಡಿಗ್ರಿಯಷ್ಟು ಬಿಸಿ ಮಾಡಿದರೆ ಅದರ ಹೊಸ ಉದ್ದ ಎಷ್ಟು? ಹಿಗ್ಗುವಿಕೆಯ ಗುಣಾಂಕ 1.2 × 10⁻⁵ ಅಂತ ಕೊಟ್ಟರೆ ಸರಳು 0.12 ಸೆಂಟಿಮೀಟರ್ ಹಿಗ್ಗುತ್ತದೆ. ಉತ್ತರ 100.12. ಇಲ್ಲಿ ಶೇಕಡಾ 1 ಟಾಲರೆನ್ಸ್ ಇಟ್ಟರೆ ಏನಾಗುತ್ತದೆ? ಏನೂ ಲೆಕ್ಕ ಮಾಡದೆ 100 ಅಂತ ಟೈಪ್ ಮಾಡಿದವನಿಗೂ ಪೂರ್ತಿ ಮಾರ್ಕ್ಸ್. ಸರಳು ಬಿಸಿಗೆ ಕುಗ್ಗುತ್ತದೆ ಅಂತ 99.88 ಬರೆದವನಿಗೂ ಮಾರ್ಕ್ಸ್. ಪ್ರಶ್ನೆಯ ಜೀವ ಇರುವುದು ಆ 0.12 ರಲ್ಲಿ, 100 ರಲ್ಲಿ ಅಲ್ಲ. ಹಾಗಾಗಿ ಎಷ್ಟು ಹಿಗ್ಗಿತು ಅಂತ ಕೇಳಿ, ಇಲ್ಲದಿದ್ದರೆ ಟಾಲರೆನ್ಸನ್ನು 0.12 ರ ಮೇಲೆ ಲೆಕ್ಕ ಹಾಕಿ. ಹಾಳೆಯ ಎರಡು ಪಕ್ಕ ಬರೆಯುವ ಅಭ್ಯಾಸ ಇದ್ದಿದ್ದರೆ ಇದು ಒಂದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತಿತ್ತು.

ಶೇಕಡಾ ಲೆಕ್ಕ ಬೇಡ, 0.01 ಹೆಚ್ಚು-ಕಡಿಮೆ ಅಂತ ಇಟ್ಟುಬಿಡೋಣ ಅನ್ನುವವರಿಗೂ ಒಂದು ಮಾತು. ಎಲೆಕ್ಟ್ರಾನಿನ ಚಾರ್ಜ್ 1.6 × 10⁻¹⁹ ಕೂಲಂಬ್. 0.01 ಟಾಲರೆನ್ಸ್‌ಗೆ ಸೊನ್ನೆ ಬರೆದರೂ ಸರಿ. ಸಣ್ಣ ಸಂಖ್ಯೆಗಳಿಗೆ ಶೇಕಡಾ ಬೇಕು. ಆದರೆ ಉತ್ತರವೇ ಸೊನ್ನೆ ಆಗಿದ್ದರೆ ಶೇಕಡಾ ಕೈಕೊಡುತ್ತದೆ, ಸೊನ್ನೆಯ ಶೇಕಡಾ 2 ಕೂಡ ಸೊನ್ನೆಯೇ. ಅಲ್ಲಿ ಮಾತ್ರ ನೇರ ಅಂತರ ಇಡಬೇಕು.

ರೌಂಡ್ ಆಫ್ ಮಾಡಿ ಸಮ ಇದೆಯಾ ಅಂತ ನೋಡುವ ನಿಮ್ಮ ಪದ್ಧತಿಯನ್ನು ದಯವಿಟ್ಟು ಬಿಟ್ಟುಬಿಡಿ. ನಮ್ಮ ಮಕ್ಕಳು ಎರಡು ರೌಂಡಿಂಗ್ ನಿಯಮ ಕಲಿತು ಬಂದಿರುತ್ತಾರೆ. ಹೈಸ್ಕೂಲಿನ ಗಣಿತದಲ್ಲಿ ಕೊನೆಯ ಅಂಕಿ 5 ಇದ್ದರೆ ಹಿಂದಿನದನ್ನು ಒಂದು ಏರಿಸು. ಪಿಯು ಫಿಸಿಕ್ಸ್ ಪುಸ್ತಕದಲ್ಲಿ, ಬಿಡುವ ಅಂಕಿ 5 ಆಗಿದ್ದರೆ ಹಿಂದಿನದು ಸರಿ ಸಂಖ್ಯೆಯಾದರೆ ಹಾಗೇ ಬಿಡು, ಬೆಸವಾದರೆ ಏರಿಸು. 2.745 ನ್ನು ಮೊದಲ ನಿಯಮದಂತೆ ಮಾಡಿದರೆ 2.75, ಎರಡನೆಯದರಂತೆ 2.74. ಎರಡೂ ನಾವೇ ಕಲಿಸಿದ್ದು. ಇನ್ನು ಕಂಪ್ಯೂಟರ್ ಮೂರನೆಯ ದಾರಿ ಹಿಡಿಯುತ್ತದೆ. ಪೈಥಾನ್‌ನಲ್ಲಿ `round(2.675, 2)` ಅಂದರೆ 2.67 ಬರುತ್ತದೆ. ಮೇಲಿನ ಎರಡೂ ನಿಯಮಗಳ ಪ್ರಕಾರ 2.68 ಬರಬೇಕಿತ್ತು. 2.675 ಅನ್ನುವ ಸಂಖ್ಯೆ ಯಂತ್ರದೊಳಗೆ ಒಂದಿಷ್ಟೇ ಇಷ್ಟು ಕಡಿಮೆಯಾಗಿ ಕೂತಿರುತ್ತದೆ, ಅದಕ್ಕೆ. ಅಂತರ ಎಷ್ಟು ಅಂತ ಅಳೆದರೆ ಈ ಜಗಳವೇ ಇರುವುದಿಲ್ಲ. 2.74 ಕ್ಕೂ 2.75 ಕ್ಕೂ ಇರುವ ವ್ಯತ್ಯಾಸ ಶೇಕಡಾ ಅರ್ಧಕ್ಕಿಂತ ಕಡಿಮೆ.

ಏಕಮಾನದ ವಿಷಯ. ಬಾಕ್ಸ್ ಪಕ್ಕದಲ್ಲಿ `m/s` ಅಂತ ನೀವೇ ಬರೆದುಬಿಟ್ಟರೆ ಅರ್ಧ ತಲೆನೋವು ಹೋಯಿತು. ಬರೀ ಸಂಖ್ಯೆ ಸಾಕು, ಅಕ್ಷರ ಟೈಪ್ ಮಾಡಿದರೆ ತೆಗೆದುಕೊಳ್ಳಬೇಡಿ, ಅಲ್ಲೇ ಮಗುವಿಗೆ ಹೇಳಿ. ಏಕಮಾನ ಬರೆಯುವುದನ್ನೂ ಪರೀಕ್ಷಿಸಬೇಕು ಅಂತಿದ್ದರೆ ಅದಕ್ಕೆ ಬೇರೆ ಬಾಕ್ಸ್ ಕೊಡಿ, ಬೇರೆ ಮಾರ್ಕ್ಸ್ ಕೊಡಿ. ಆಗ ಕ್ರಮ ಮುಖ್ಯ: ಮೊದಲು ಮಗುವಿನ ಉತ್ತರವನ್ನು ಕೀಯ ಏಕಮಾನಕ್ಕೆ ತನ್ನಿ, ಆಮೇಲೆ ಟಾಲರೆನ್ಸ್ ಹಾಕಿ. ತಿರುಗುಮುರುಗು ಮಾಡಿದರೆ ಏನಾಗುತ್ತದೆ ಅಂತ ಉಷ್ಣತೆಯ ಲೆಕ್ಕದಲ್ಲಿ ನೋಡಿ. 27 ಡಿಗ್ರಿ ಸೆಲ್ಸಿಯಸ್‌ನ ಶೇಕಡಾ 2 ಅಂದರೆ ಅರ್ಧ ಡಿಗ್ರಿ. ಅದೇ ಉಷ್ಣತೆಯನ್ನು 300 ಕೆಲ್ವಿನ್ ಅಂತ ಬರೆದರೆ ಶೇಕಡಾ 2 ಅಂದರೆ 6 ಡಿಗ್ರಿ. ಕೆಲ್ವಿನ್‌ನಲ್ಲಿ ಬರೆದವನಿಗೆ ಹನ್ನೊಂದು ಪಟ್ಟು ರಿಯಾಯಿತಿ ಯಾಕೆ?

`29.7 km/h` ಬರೆದವನಿಗೆ ನಾನಾದರೆ ಏಕಮಾನದ ಮಾರ್ಕ್ಸ್ ಕಳೆಯುತ್ತಿದ್ದೆ, ಉಳಿದದ್ದು ಕೊಡುತ್ತಿದ್ದೆ. ಅವನ ಲೆಕ್ಕ ಸರಿ ಇದೆ, ಕೊನೆಯಲ್ಲಿ ಕೈ ತಪ್ಪಿದೆ. ಮೂಡಲ್ ಅನ್ನುವ ಆನ್‌ಲೈನ್ ಕಲಿಕೆಯ ಸಾಫ್ಟ್‌ವೇರ್‌ನಲ್ಲಿ ಏಕಮಾನ ತಪ್ಪಾದರೆ ಇಷ್ಟು ಭಾಗ ಕಳೆ ಅಂತ ಹೇಳಿಡಲು ಜಾಗವೇ ಇದೆ. ಇದನ್ನು ಒಪ್ಪದೆ ಪೂರ್ತಿ ಕಳೆಯುವ ಮೇಷ್ಟ್ರುಗಳೂ ಇದ್ದಾರೆ. ಯಾವುದಾದರೂ ಇರಲಿ, ಟೆಸ್ಟಿಗೆ ಮೊದಲು ಹೇಳಿದರೆ ಸಾಕು.

ಕೊನೆಗೆ ಕನ್ನಡಿಯ ಪ್ರಶ್ನೆ. ನಿಮ್ನ ದರ್ಪಣದ ಸಂಗಮ ದೂರ 10 ಸೆಂಟಿಮೀಟರ್, ವಸ್ತು 15 ಸೆಂಟಿಮೀಟರ್ ದೂರದಲ್ಲಿ. ಚಿಹ್ನೆಯ ನಿಯಮದ ಪ್ರಕಾರ ಪ್ರತಿಬಿಂಬದ ದೂರ −30. ಈ ಒಂದು ಪ್ರಶ್ನೆಗೆ ನೀವು ಶೇಕಡಾ 2 ಟಾಲರೆನ್ಸ್ ಇಟ್ಟಿದ್ದೀರಿ ಅಂತ ಕೀಯಲ್ಲೇ ಕಾಣುತ್ತದೆ. ಸಂತೋಷ. ಆದರೆ ನಮ್ಮ ಕ್ಲಾಸಿನಲ್ಲಿ −30 ಬರೆದ ಒಬ್ಬರಿಗೂ ಮಾರ್ಕ್ಸ್ ಬಂದಿಲ್ಲ. ಕಾರಣ ಇದಿರಬೇಕು: ಕೆಳಗಿನ ಮಿತಿಗೆ ಕೀಯನ್ನು 0.98 ರಿಂದ, ಮೇಲಿನ ಮಿತಿಗೆ 1.02 ರಿಂದ ಗುಣಿಸಿದ್ದೀರಿ. ಕೀ ಋಣ ಸಂಖ್ಯೆ ಆದಾಗ ಕೆಳಗಿನ ಮಿತಿ −29.4, ಮೇಲಿನ ಮಿತಿ −30.6. −29.4 ಕ್ಕಿಂತ ದೊಡ್ಡದೂ −30.6 ಕ್ಕಿಂತ ಚಿಕ್ಕದೂ ಆದ ಸಂಖ್ಯೆ ಈ ಭೂಮಿಯ ಮೇಲಿಲ್ಲ. ಕೀ ಉತ್ತರವನ್ನೇ ಹಾಕಿ ಒಂದು ಸಲ ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು.

ನನ್ನ ಹಳೇ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಹತ್ತಿರ ಹೇಳಿಕೊಂಡೆ. ಫೋನಿನಲ್ಲೇ ನಕ್ಕು, ಇಷ್ಟು ಬರೆದು ಕಳಿಸಿದ:

```python
def sari(uttara, key, rel, nera=0.0):
    tol = max(rel * abs(key), nera)
    return abs(uttara - key) <= tol * (1 + 1e-9)
```

`abs(key)` ಇರುವುದರಿಂದ ಋಣ ಸಂಖ್ಯೆಯ ಕಾಟ ಇಲ್ಲ. ಉತ್ತರ ಸೊನ್ನೆ ಇರುವ ಪ್ರಶ್ನೆಗೆ ಮಾತ್ರ `nera` ಕೊಟ್ಟರಾಯಿತು. ಕೊನೆಯ `1e-9` ಯಾಕಪ್ಪ ಅಂತ ಕೇಳಿದೆ. ಕೀ 2.5, ಟಾಲರೆನ್ಸ್ 0.1 ಇದ್ದಾಗ 2.6 ಬರೆದವನಿಗೆ ಸಿಗಬೇಕು. ಆದರೆ ಯಂತ್ರ 2.6 ರಿಂದ 2.5 ಕಳೆದರೆ 0.10000000000000009 ಅನ್ನುತ್ತದೆ, ಹಾಗಾಗಿ ತಪ್ಪು ಅಂತ ಹೊಡೆಯುತ್ತದೆ. ಅದನ್ನು ತಡೆಯಲು ಒಂದು ಚಿಟಿಕೆ ಸಡಿಲ. "ಆ ಸಡಿಲವನ್ನು ಕೂಡಿಸಬಾರದು ಸರ್, ಗುಣಿಸಬೇಕು. ಕೂಡಿಸಿದರೆ ನಿಮ್ಮ ಎಲೆಕ್ಟ್ರಾನ್ ಮತ್ತೆ ಹೋಯ್ತು" ಅಂದ. ಪಾಠ ಮರೆತಿಲ್ಲ ಪುಣ್ಯಾತ್ಮ.

ನಾನು ಕೇಳುತ್ತಿರುವುದು ಇಷ್ಟೇ. ಪ್ರತಿ ಸಂಖ್ಯಾ ಪ್ರಶ್ನೆಯ ಜೊತೆ g, π ಬೆಲೆಗಳನ್ನೂ ಏಕಮಾನವನ್ನೂ ದಶಾಂಶವನ್ನೂ ಪ್ರಶ್ನೆಯಲ್ಲೇ ಬರೆಯಿರಿ. ಕೀ ಪ್ರಕಟಿಸುವಾಗ ವ್ಯಾಪ್ತಿಯನ್ನೂ ಪ್ರಕಟಿಸಿ. ಟೆಸ್ಟ್ ಬಿಡುವ ಮೊದಲು ಹಾಳೆಯ ಎರಡೂ ಪಕ್ಕದ ಉತ್ತರಗಳನ್ನು ನೀವೇ ಟೈಪ್ ಮಾಡಿ ನೋಡಿ. ಒಂದು ಪ್ರಶ್ನೆಗೆ ಹತ್ತು ನಿಮಿಷ ಹಿಡಿಯಬಹುದು.

ಹಾಗೇ ಹೋದ ತಿಂಗಳ ಟೆಸ್ಟಿನ ಕಲ್ಲಿನ ಪ್ರಶ್ನೆಯನ್ನೂ ಕನ್ನಡಿಯ ಪ್ರಶ್ನೆಯನ್ನೂ ಮತ್ತೆ ತಿದ್ದಿ. ಮಕ್ಕಳ ಉತ್ತರಗಳು ನಿಮ್ಮ ಸರ್ವರ್‌ನಲ್ಲಿ ಹಾಗೇ ಇವೆ, ಯಾರನ್ನೂ ಮತ್ತೆ ಪರೀಕ್ಷೆಗೆ ಕೂರಿಸಬೇಕಿಲ್ಲ. ತಿದ್ದುವಾಗ `29.7 km/h` ಬರೆದವನ ಮಾರ್ಕ್ಸ್ ಕಡಿಮೆ ಆಗಬಹುದು ಅಂತ ಅವನಿಗೆ ಆಗಲೇ ಹೇಳಿದ್ದೇನೆ. ತಲೆ ಕೆರೆದುಕೊಂಡು "ಆಯ್ತು ಸರ್" ಅಂದ.

ಇಂತಿ,
ಒಬ್ಬ ಫಿಸಿಕ್ಸ್ ಮೇಷ್ಟ್ರು